ಅಮ್ಮನ ಹೆಸರಿನಲ್ಲಿ ವ್ಯಾಪಾರ

ದಿಲ್‌ಸುಖ್‌ನಗರದ ಬಾಡಿಗೆ ಕೋಣೆಗಳಲ್ಲಿರುವ ನಾವು ರಾತ್ರಿಯೂ ಫೋನಿನ ಸದ್ದಡಗಿಸುವುದಿಲ್ಲ. ಊರಿನಿಂದ ಅಮ್ಮನ ಕರೆ ಬಂದರೆ ಎಂಬುದು ನಮ್ಮ ನೆಪ. ಆ ಅಂಜಿಕೆಯ ಬೆನ್ನೇರಿ ಬರುವ ರಿಯಾಯಿತಿಯ ಜಾಹೀರಾತುಗಳು ನಮ್ಮನ್ನು ಎಬ್ಬಿಸುತ್ತವೆ. ಈ ನೆಪವನ್ನು ನಾವಿನ್ನು ಒಪ್ಪಲಾರೆವು.

ಆಂಡ್ರಾಯ್ಡ್ ಫೋನಿನ ‘ಡು ನಾಟ್ ಡಿಸ್ಟರ್ಬ್’ಗೆ ರಾತ್ರಿ 11ರಿಂದ ಬೆಳಗಿನ 6ರವರೆಗೆ ವೇಳೆ ಗೊತ್ತುಮಾಡೋಣ. ಅಮ್ಮನ ಹೆಸರಿಗೆ ನಕ್ಷತ್ರದ ಗುರುತಿಟ್ಟು, ಆ ಗುರುತಿನವರ ಕರೆಗೆ ವಿನಾಯಿತಿ ಕೊಟ್ಟರೆ ಅವಳ ಕರೆ ಮೊಳಗುತ್ತದೆ. ಮರುಕರೆಗೂ ಅನುಮತಿಯಿತ್ತರೆ, ಗುರುತಿಲ್ಲದ ನೆರೆಮನೆಯವರು 15 ನಿಮಿಷದೊಳಗೆ ಎರಡನೆಯ ಬಾರಿ ಕರೆದಾಗಲೂ ಮೊಳಗುತ್ತದೆ. ಕೆಲಸದ ಹೊತ್ತಿಗೂ ಇಂಥದೇ ಇನ್ನೊಂದು ವೇಳಾಪಟ್ಟಿ ಸಾಕು.

ಉಳಿದ ವೇಳೆಯಲ್ಲಿ, ಆಪ್‌ನ ಸೂಚನೆಗಳ ವರ್ಗಗಳಲ್ಲಿ ಕೊಡುಗೆಗಳನ್ನಷ್ಟೇ ಆರಿಸಿ, ಆರ್ಡರಿನ ಸುದ್ದಿಯನ್ನು ಉಳಿಸಿಕೊಳ್ಳೋಣ. ಎರಡನ್ನೂ ಒಂದೇ ವರ್ಗದಲ್ಲಿ ಬೆರೆಸಿದ ಆಪ್‌ಗೆ ಪೂರ್ತಿ ಮೌನವೇ ತಕ್ಕ ಉತ್ತರ.