ಮಧ್ಯಸ್ಥಿಕೆಯಲ್ಲಿ ತೀರ್ಪು ಕೊಡುವವರು ಯಾರು? ಮೊದಲ ಮಾತಿನಿಂದ ಸಹಿಯವರೆಗೆ

"ಕೋರ್ಟಿನವರು ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಬೇಡಿ, ಅಲ್ಲಿ ಒತ್ತಾಯ ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಅಲ್ಲ. ಮಧ್ಯಸ್ಥಗಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಹಿಂದೆ ಸರಿಯುವುದು ಬಹಳ ಕಷ್ಟ. ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ತಿಳಿದಿರಬೇಕು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯಾಲಯ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಕರ್ನಾಟಕದಲ್ಲಿ ಇದಕ್ಕೆಂದೇ 2005ರ ನಿಯಮಗಳಿವೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಲ್ಲಿ 3 ಎಕರೆ ತೆಂಗಿನ ತೋಟ, ಅಂದರೆ 120 ಗುಂಟೆ. ಅಣ್ಣ, ತಮ್ಮ, ತಂಗಿ ಮೂವರಿಗೂ ಸಮಪಾಲು. ಪಾಲು ಕೇಳಿ ತಂಗಿ ದಾವೆ ಹೂಡಿದ್ದಾರೆ.

ಮೊದಲ ಮಾತು

ಮಧ್ಯಸ್ಥಗಾರರು ತಮ್ಮ ಪರಿಚಯ ಹೇಳಿ ಮೂರು ವಿಷಯ ತಿಳಿಸುತ್ತಾರೆ. ತಾವು ನ್ಯಾಯಾಧೀಶರಲ್ಲ. ಇಲ್ಲಿ ಆಡಿದ ಮಾತು ಗೋಪ್ಯ, ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಒಪ್ಪುವುದು, ಬಿಡುವುದು ನಿಮ್ಮ ಇಷ್ಟ. ಒಪ್ಪಂದ ಆಗದಿದ್ದರೆ "ರಾಜಿ ಆಗಲಿಲ್ಲ" ಎಂದಷ್ಟೇ ಕೋರ್ಟಿಗೆ ವರದಿ ಹೋಗುತ್ತದೆ. ಯಾರಿಂದ ತಪ್ಪಿತು ಎಂದು ಬರೆಯುವುದಿಲ್ಲ.

ಜಂಟಿ ಮಾತುಕತೆ

ನಂತರ ಒಬ್ಬೊಬ್ಬರೂ ತಮ್ಮ ಕಥೆ ಹೇಳುತ್ತಾರೆ, ಸಾಮಾನ್ಯವಾಗಿ ದಾವೆ ಹೂಡಿದವರು ಮೊದಲು. ವಕೀಲರು ಜೊತೆಗಿರಬಹುದು. ನಮ್ಮ ಉದಾಹರಣೆಯಲ್ಲಿ ತಂಗಿ "ನನ್ನ 40 ಗುಂಟೆ ಕೊಡಲಿ" ಎನ್ನುತ್ತಾರೆ. ಅಣ್ಣ "ತೋಟ ಬೆಳೆಸಿದ್ದು ನಾನು" ಎನ್ನುತ್ತಾರೆ. ತಮ್ಮ ಸುಮ್ಮನಿರುತ್ತಾರೆ. ಇಲ್ಲಿ ಕೇಳುವುದು ಬೇಡಿಕೆ ಮಾತ್ರ, ಅದರ ಹಿಂದಿನ ಕಾರಣ ಇನ್ನೂ ಹೊರಗೆ ಬಂದಿರುವುದಿಲ್ಲ.

ಪ್ರತ್ಯೇಕ ಮಾತುಕತೆ

ಈಗ ಮಧ್ಯಸ್ಥಗಾರರು ಒಬ್ಬೊಬ್ಬರನ್ನೇ ಕರೆದು ಮಾತನಾಡಿಸುತ್ತಾರೆ. "ಅವರು ಒಳಗೊಳಗೇ ಏನೋ ಮಾಡಿಕೊಂಡರು" ಎಂಬ ಅನುಮಾನ ಹುಟ್ಟುವುದು ಈ ಹಂತದಲ್ಲೇ. ಆದರೆ ನೀವು ಹೇಳಿದ್ದನ್ನು ನಿಮ್ಮ ಅನುಮತಿ ಇಲ್ಲದೆ ಅವರು ಇನ್ನೊಬ್ಬರಿಗೆ ತಿಳಿಸುವಂತಿಲ್ಲ.

ಎಲ್ಲರೆದುರು ಹೇಳಲಾಗದ್ದು ಇಲ್ಲಿ ಬಾಯಿಗೆ ಬರುತ್ತದೆ. ಅಣ್ಣನ ಚಿಂತೆ ಕೊಳವೆಬಾವಿಯ ಸಾಲ. ತಮ್ಮನಿಗೆ ಹಿಂದಿನ ಭಾಗ ಸಿಕ್ಕರೆ ಗಾಡಿ ಹೋಗಲು ದಾರಿ ಇರುವುದಿಲ್ಲವೆಂಬ ಭಯ. ತಂಗಿಗೆ ಗುಂಟೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಮನೆ ಕಟ್ಟಲು ರಸ್ತೆ ಬದಿಯ ಜಾಗ ಬೇಕು. ಮೂವರೂ ಜಗಳವಾಡುತ್ತಿದ್ದುದು ಗುಂಟೆಯ ಲೆಕ್ಕಕ್ಕೆ, ಆದರೆ ಮೂವರಿಗೂ ಬೇಕಿದ್ದದ್ದು ಬೇರೆ ಬೇರೆ.

ಹೀಗಾಗಿ ದಾರಿ ತೆರೆಯುತ್ತದೆ. ತಂಗಿಗೆ ರಸ್ತೆ ಬದಿಯ 30 ಗುಂಟೆ, ಉಳಿದ 90ರಲ್ಲಿ ಅಣ್ಣ ತಮ್ಮಂದಿರಿಗೆ ತಲಾ 45. ಬಾವಿ ಅಣ್ಣನ ಭಾಗದಲ್ಲಿ, ನೀರು ತಮ್ಮನಿಗೂ ಸರದಿಯಂತೆ, ಉಳಿದ ಸಾಲ ಇಬ್ಬರಿಗೂ ಅರ್ಧರ್ಧ. ತಮ್ಮನ ತೋಟಕ್ಕೆ 10 ಅಡಿ ದಾರಿ. ಸಮಪಾಲು ಮಾಡುವ ತೀರ್ಪು ಇಷ್ಟೊಂದನ್ನು ಹೊಂದಿಸುವುದು ಕಷ್ಟ.

ಬರವಣಿಗೆ ಮತ್ತು ಸಹಿ

ಹೆಚ್ಚಿನ ಒಪ್ಪಂದಗಳು ಕೆಡುವುದು ಇಲ್ಲೇ. "ದಾರಿ ಬಿಡತಕ್ಕದ್ದು" ಎಂದು ಬರೆದರೆ ಮುಂದಿನ ವರ್ಷ ಮತ್ತೆ ಜಗಳ. ಎಷ್ಟು ಅಡಿ, ಯಾವ ದಿಕ್ಕಿನಲ್ಲಿ, ಯಾವ ದಿನದೊಳಗೆ ಎಂದು ಬರೆಯಬೇಕು. ನೀರಾದರೆ ಯಾವ ವಾರ ಯಾರಿಗೆ, ಮೋಟಾರ್ ಕೆಟ್ಟರೆ ಖರ್ಚು ಯಾರದು ಎಂಬುದೂ ಇರಬೇಕು. ಸರ್ವೆ ನಂಬರ್, ವಿಸ್ತೀರ್ಣ ಪಹಣಿಗೆ ಹೊಂದಬೇಕು, ಚಕ್ಕುಬಂದಿ ಸ್ಪಷ್ಟವಾಗಿರಬೇಕು.

ಹಕ್ಕುಳ್ಳ ಒಬ್ಬರನ್ನು ಬಿಟ್ಟು ಉಳಿದವರು ಸಹಿ ಹಾಕಿದರೆ ಬಿಟ್ಟುಹೋದವರನ್ನು ಆ ಒಪ್ಪಂದ ಕಟ್ಟಿಹಾಕುವುದಿಲ್ಲ. ಪಕ್ಷಗಾರರಲ್ಲಿ 18 ತುಂಬದ ಮಕ್ಕಳಿದ್ದರೆ ಅವರ ಪರವಾಗಿ ರಾಜಿಯಾಗಲು ಕೋರ್ಟಿನ ಅನುಮತಿ ಬೇಕು.

ಸಹಿಯ ನಂತರ

ಒಪ್ಪಂದ ಕೋರ್ಟಿಗೆ ಹೋಗುತ್ತದೆ. ನ್ಯಾಯಾಧೀಶರು ಅದು ಕಾನೂನಿಗೆ ಸರಿಯಿದೆಯೇ, ಪಕ್ಷಗಾರರು ಒಪ್ಪಿದ್ದು ನಿಜವೇ ಎಂದು ನೋಡಿ ರಾಜಿ ಡಿಕ್ರಿ ಮಾಡುತ್ತಾರೆ. ಅಣ್ಣ ದಾರಿ ಬಿಡದಿದ್ದರೆ ಹೊಸ ದಾವೆ ಬೇಕಿಲ್ಲ, ಡಿಕ್ರಿಯನ್ನೇ ಜಾರಿ ಮಾಡಿಸಬಹುದು.

ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಮೋಸ ಅಥವಾ ಬಲವಂತ ನಡೆದಿದ್ದರೆ ಅದೇ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮದು. "ಆಗ ಯೋಚಿಸಿರಲಿಲ್ಲ" ಎಂಬುದು ಕಾರಣವಾಗುವುದಿಲ್ಲ.

ಹಾಗಾದರೆ ನಾವು ಹೇಳುವುದಿಷ್ಟೇ: ಮಧ್ಯಸ್ಥಿಕೆಗೆ ಹೋಗಲು ಹೆದರಬೇಕಿಲ್ಲ, ಸಹಿಗೆ ಅವಸರ ಬೇಡ. ಕರಡನ್ನು ಕನ್ನಡದಲ್ಲಿ ಓದಿಸಿ ಕೇಳಿ, ವಕೀಲರಿಗೆ ತೋರಿಸಿ. ಅರ್ಥವಾಗದ ಒಂದು ಸಾಲು ಇದ್ದರೂ ಇನ್ನೊಂದು ದಿನಾಂಕ ಕೇಳಿ.