ನಾಟಕದ ಹಸ್ತಪ್ರತಿಗೆ ಒಂದು ಲೆಕ್ಕದ ಹಾಳೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಳ್ಳೆಯ ನಾಟಕ ಬರೆದಿದ್ದಳು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ, ರೋಗದ ಮೂಲ ಬೀದಿಯ ನೀರಿನ ಪಂಪು ಎಂದು ಡಾಕ್ಟರ್ ಜಾನ್ ಸ್ನೋ ತೋರಿಸಿಕೊಟ್ಟ ಕಥೆ. ಹೆಡ್‌ಮಾಸ್ಟರು ಓದಿ ಮೆಚ್ಚಿ, "ಖರ್ಚೆಷ್ಟಮ್ಮಾ?" ಎಂದರು. "ಐದಾರು ಸಾವಿರ ಆಗಬಹುದು ಸಾರ್" ಎಂದಳು. ಅವರು ಹಸ್ತಪ್ರತಿಯನ್ನು ವಾಪಸು ಕೊಟ್ಟರು.

ಹುಡುಗಿಗೆ ಅಳು ಬಂತು. ಆದರೆ ಹೆಡ್‌ಮಾಸ್ಟರ ಹಿಂಜರಿಕೆಗೂ ಕಾರಣವಿತ್ತು. ಹಿಂದಿನ ವರ್ಷ ಹೀಗೇ ಬಾಯಿಲೆಕ್ಕದಲ್ಲಿ ಒಪ್ಪಿಗೆ ಕೊಟ್ಟಿದ್ದೆವು. ನಾಟಕದ ಹಿಂದಿನ ದಿನ ವೇಷಭೂಷಣದ ಅಂಗಡಿಯವರು ಎರಡು ಸಾವಿರ ಠೇವಣಿ ಕೇಳಿದರು. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಕೊನೆಗೆ ಒಬ್ಬ ಹುಡುಗನ ತಾಯಿ ಮನೆಖರ್ಚಿಗೆ ಇಟ್ಟಿದ್ದ ಹಣವನ್ನು ತಂದುಕೊಟ್ಟರು.

ಈ ಸಲ ನಾವಿಬ್ಬರೂ ಹಸ್ತಪ್ರತಿಯ ಮುಂದೆ ಪೆನ್ಸಿಲ್ ಹಿಡಿದು ಕುಳಿತೆವು. ಖರ್ಚು ಹುಟ್ಟುವುದು ಅಂಗಡಿಯಲ್ಲಿ ಅಲ್ಲ, ನಾವು ಬರೆದ ಸಾಲಿನಲ್ಲಿ. "ಡಾಕ್ಟರು ಉದ್ದನೆಯ ಕೋಟು ತೊಟ್ಟು ಬರುತ್ತಾರೆ" ಎಂದಿದ್ದರೆ ಅಲ್ಲೊಂದು ಬಾಡಿಗೆ ಇದೆ. "ಬೀದಿಯ ಮಧ್ಯೆ ಪಂಪು" ಎಂದರೆ ಪ್ಲೈವುಡ್ಡು, ಬಣ್ಣ, ಅದನ್ನು ಸಾಗಿಸುವ ಟೆಂಪೋ ಮೂರೂ ಇವೆ. ಅಂಥ ಪ್ರತಿ ಪದಕ್ಕೆ ಅಡಿಗೆರೆ ಎಳೆದು ಪಟ್ಟಿ ಮಾಡಿದೆವು. ಪಟ್ಟಿಯಲ್ಲಿ ಪುಟಸಂಖ್ಯೆ, ವಸ್ತು, ಎಷ್ಟು, ಎಷ್ಟು ದಿನ, ದರ, ಮೊತ್ತ ಎಂದು ಆರು ಕಾಲಂ. ದರವನ್ನು ಊಹಿಸಬಾರದು. ಅಂಗಡಿಯಲ್ಲಿ ಕೇಳಿ, ಕೇಳಿದ ತಾರೀಖನ್ನೂ ಪಕ್ಕದಲ್ಲಿ ಬರೆಯಬೇಕು.

ಹೆಚ್ಚಿನ ತಪ್ಪುಗಳು ಆಗುವುದು 'ಎಷ್ಟು ದಿನ' ಎಂಬ ಕಾಲಮ್ಮಿನಲ್ಲಿ. ಕೋಟು, ಟೋಪಿ ಸೇರಿ ನಾಲ್ಕು ಜೊತೆ, ಜೊತೆಗೆ 200 ರೂಪಾಯಿ ಎಂದು ಹುಡುಗಿ 800 ಬರೆದಳು. "ಹಿಂದಿನ ದಿನ ವೇಷ ತೊಟ್ಟು ಅಭ್ಯಾಸ ಮಾಡಬೇಡವೇ?" ಎಂದೆ. ಎರಡು ದಿನಕ್ಕೆ 1,600 ಆಯಿತು. ತಿಂಡಿಯ ಲೆಕ್ಕವೂ ಹೀಗೇ ತಪ್ಪಿತ್ತು. ಪಾತ್ರಧಾರಿಗಳು ಒಂಬತ್ತೇ ಆದರೂ ತೆರೆಯ ಹಿಂದೆ ನಾಲ್ವರು, ಮೇಷ್ಟ್ರುಗಳು ಇಬ್ಬರು. ಹದಿನೈದು ಜನಕ್ಕೆ ತಲಾ 40ರಂತೆ ಎರಡು ದಿನಕ್ಕೆ 1,200 ರೂಪಾಯಿ.

ಉಳಿದ ಬಾಬತ್ತುಗಳು ಸುಲಭವಾಗಿ ಸಿಕ್ಕವು. ಪಂಪಿನ ಸಾಮಾನಿಗೆ 850, ಮೇಕಪ್ಪಿಗೆ 1,500, ಪಟ್ಟಣದ ಸಭಾಂಗಣಕ್ಕೆ ಹೋಗಿಬರುವ ಟೆಂಪೋಗೆ 1,200, ಹಸ್ತಪ್ರತಿಯ ಜೆರಾಕ್ಸಿಗೆ 600, ರಾತ್ರಿಯ ದೃಶ್ಯದ ಬೆಳಕಿಗೆ 2,500. ಮನೆಯಿಂದ ತರುವ ಬಕೆಟ್, ಶಾಲೆಯದೇ ಮೈಕು ಇವುಗಳನ್ನೂ ಪಟ್ಟಿಗೆ ಸೇರಿಸಿ ಮೊತ್ತದಲ್ಲಿ ಸೊನ್ನೆ ಹಾಕಿಸಿದೆ. ಸೊನ್ನೆ ಇದ್ದರೆ 'ಇದನ್ನು ಯೋಚಿಸಿದ್ದೇವೆ' ಎಂದರ್ಥ, ಖಾಲಿ ಬಿಟ್ಟರೆ 'ಮರೆತಿದ್ದೇವೆ' ಎಂದರ್ಥ. ಒಟ್ಟು 9,450 ರೂಪಾಯಿ. ಅನಿರೀಕ್ಷಿತ ಖರ್ಚಿಗೆಂದು ನೂರಕ್ಕೆ ಹತ್ತರಂತೆ 945 ಸೇರಿಸಿದಾಗ 10,395.

ಶಾಲೆ ಕೊಡಬಹುದಾದದ್ದು 8,000 ಮಾತ್ರ. ಹುಡುಗಿ ಕೂಡಲೇ ಅನಿರೀಕ್ಷಿತ ಖರ್ಚನ್ನು ಹೊಡೆದುಹಾಕಿ, ಮೇಕಪ್ಪಿಗೆ 500 ಬರೆಯಲು ಹೊರಟಳು. ನಾನು ತಡೆದೆ. ದರವನ್ನು ಹಾಳೆಯ ಮೇಲೆ ಕಡಿಮೆ ಬರೆದ ಮಾತ್ರಕ್ಕೆ ಅಂಗಡಿಯವರು ಕಡಿಮೆ ತೆಗೆದುಕೊಳ್ಳುವುದಿಲ್ಲ. ಕಡಿತ ಆಗಬೇಕಾದದ್ದು ಹಸ್ತಪ್ರತಿಯಲ್ಲಿ. ಡಾಕ್ಟರು ದೀಪದ ಕೆಳಗೆ ಒಬ್ಬರೇ ಯೋಚಿಸುವ ರಾತ್ರಿಯ ದೃಶ್ಯಕ್ಕಾಗಿಯೇ 2,500 ಹೋಗುತ್ತಿತ್ತು. ಅದೇ ಮಾತುಗಳನ್ನು ಹಗಲಿನಲ್ಲಿ, ಸತ್ತವರ ಮನೆಗಳನ್ನು ಗುರುತು ಮಾಡಿದ ನಕಾಶೆಯ ಮುಂದೆ ಆಡಿಸಬಹುದಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಪುಟವನ್ನು ಮತ್ತೆ ಬರೆದಳು. ನಮ್ಮದು ಮಧ್ಯಾಹ್ನದ ಪ್ರದರ್ಶನವಾದ್ದರಿಂದ ಸಭಾಂಗಣದ ದೀಪಗಳೇ ಸಾಕಾದವು. ಮೊತ್ತ 6,950ಕ್ಕೆ ಇಳಿಯಿತು, ಹತ್ತನೇ ಒಂದು ಭಾಗ ಸೇರಿ 7,645.

ಕೊನೆಗೆ ಹಾಳೆಯ ಕೆಳಗೆ ಗೆರೆ ಎಳೆದು, ಠೇವಣಿ 2,000, ಬಟ್ಟೆ ಹಿಂದಿರುಗಿಸಿದಾಗ ವಾಪಸು ಬರುತ್ತದೆ ಎಂದು ಬರೆಸಿದೆ. ಇದು ಖರ್ಚಲ್ಲ, ಆದ್ದರಿಂದ ಮೇಲಿನ ಮೊತ್ತಕ್ಕೆ ಸೇರುವುದಿಲ್ಲ. ಆದರೆ ಆ ದಿನ ಕೈಯಲ್ಲಿ ಇರಲೇಬೇಕು. ಹಾಗಾಗಿ ಖರ್ಚು 7,645, ಕೈಯಲ್ಲಿರಬೇಕಾದ ಹಣ 9,645 ಎಂದು ಎರಡು ಅಂಕಿಗಳನ್ನೂ ತೋರಿಸಿದೆವು.

ಹೆಡ್‌ಮಾಸ್ಟರು ಹಾಳೆಯ ಮೇಲೆ ಬೆರಳಾಡಿಸುತ್ತಾ, "ಇದೇನು ಪಂಪಿಗೆ 850?" ಎಂದರು. "ಏಳನೇ ಪುಟ ನೋಡಿ ಸಾರ್" ಎಂದಳು ಹುಡುಗಿ. ಅವರು ಪುಟ ತಿರುವಿ ನೋಡಿದರು, ಸಹಿ ಹಾಕಿದರು. ಠೇವಣಿಯ ಹಣವನ್ನು ಶಾಲೆಯೇ ಹೊಂದಿಸಿಕೊಟ್ಟಿತು. ಆ ವರ್ಷ ಯಾವ ತಾಯಿಯೂ ಮನೆಖರ್ಚಿನ ಹಣವನ್ನು ತಂದುಕೊಡಬೇಕಾಗಲಿಲ್ಲ.