‘ಕೊನೆಯ ಕೆಲವೇ ಬಾಕ್ಸ್’ ಎಂದು ಬರೆಯುವ ಮುನ್ನ

ಸಂಕ್ರಾಂತಿಗೆ ಸ್ವೀಟ್ ಬಾಕ್ಸ್ ಮಾಡಿ ಮಾರುವ ಅಂಗಡಿಯವರಲ್ಲಿ, ಮನೆಯಲ್ಲೇ ಎಳ್ಳು-ಬೆಲ್ಲ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿಯುವ ಅಕ್ಕಂದಿರಲ್ಲಿ, ಅವರ ಪರವಾಗಿ ಜಾಹೀರಾತಿನ ಸಾಲು ಬರೆದುಕೊಡುವ ನನ್ನಂಥವರಲ್ಲಿ ಒಂದು ಮನವಿ. ಈ ಸಲ ‘ಲಿಮಿಟೆಡ್ ಎಡಿಷನ್’ ಎಂದು ಹಾಕುವ ಮೊದಲು, ಆ ಮಿತಿ ಎಲ್ಲಿಂದ ಬಂತು ಎಂಬುದನ್ನು ನಿಮ್ಮ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬನ್ನಿ. ಉತ್ತರ ಸಿಕ್ಕರೆ ಅದನ್ನೇ ಬರೆಯಿರಿ. ಸಿಗದಿದ್ದರೆ ಆ ಪದವನ್ನು ಕೈಬಿಡಿ.

ಎಳ್ಳು-ಬೆಲ್ಲದ ಬಾಕ್ಸನ್ನೇ ತೆಗೆದುಕೊಳ್ಳೋಣ, ಏಕೆಂದರೆ ಇದರಲ್ಲಿ ಕೊರತೆ ಎಂಬುದು ನಿಜಕ್ಕೂ ಇದೆ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ ಎಷ್ಟು ಬೇಕಾದರೂ ಹುರಿಯಬಹುದು. ಕೊಬ್ಬರಿ ಹೆಚ್ಚಿ ಒಣಗಿಸುವುದಕ್ಕೂ ಬೆಲ್ಲವನ್ನು ಸಣ್ಣ ಚೂರು ಮಾಡುವುದಕ್ಕೂ ಆಳು ಸಿಗುತ್ತಾರೆ. ಕೆಲಸ ಸಿಕ್ಕಿಕೊಳ್ಳುವುದು ಸಕ್ಕರೆ ಅಚ್ಚಿನಲ್ಲಿ. ಮರದ ಅಚ್ಚನ್ನು ಮೊದಲೇ ನೀರಿನಲ್ಲಿ ನೆನೆಸಿರಬೇಕು, ಇಲ್ಲವಾದರೆ ಪಾಕ ಕಚ್ಚಿಕೊಳ್ಳುತ್ತದೆ. ಕುದಿಯುವ ಸಕ್ಕರೆಗೆ ಚೂರು ಹಾಲು ಬಿಟ್ಟು, ಮೇಲೆ ಬಂದ ಕಲ್ಮಶ ತೆಗೆದು, ಸೋಸಿ, ಮತ್ತೆ ಒಲೆಯ ಮೇಲಿಟ್ಟು ಪಾಕ ನೋಡಬೇಕು. ಹದ ಕಡಿಮೆಯಾದರೆ ಅಚ್ಚು ಗಟ್ಟಿಯಾಗುವುದಿಲ್ಲ. ಒಂದಿಷ್ಟು ಹೆಚ್ಚಾದರೂ ಎರೆಯುವ ಮೊದಲೇ ಪಾತ್ರೆಯಲ್ಲಿ ಸಕ್ಕರೆಗಟ್ಟಿ ಕೂರುತ್ತದೆ. ಹಾಗಾಗಿ ದೊಡ್ಡ ಬಾಣಲೆಯಲ್ಲಿ ಹತ್ತು ಕೆಜಿ ಒಟ್ಟಿಗೆ ಮಾಡಿ ಮುಗಿಸುವ ಕೆಲಸ ಇದಲ್ಲ. ಅರ್ಧ ಅರ್ಧ ಕೆಜಿ ಮಾಡಿ, ಎರೆದು, ಬಿಚ್ಚಿ, ಅಚ್ಚು ತೊಳೆದು, ಮತ್ತೆ ಶುರುಮಾಡಬೇಕು.

ಈಗ ಲೆಕ್ಕ ಹಾಕಿ. ಒಂದು ಬಾಕ್ಸಿಗೆ ಹತ್ತು ಅಚ್ಚು, ತಲಾ ಇಪ್ಪತ್ತೈದು ಗ್ರಾಂ, ಒಟ್ಟು ಕಾಲು ಕೆಜಿ ಎಂದಿಟ್ಟುಕೊಳ್ಳೋಣ. ಅರ್ಧ ಕೆಜಿಯ ಒಂದು ಸುತ್ತಿಗೆ ಅರ್ಧ ಗಂಟೆ ಹಿಡಿದರೆ ಎಂಟು ಗಂಟೆಯ ದಿನಕ್ಕೆ ಹದಿನಾರು ಸುತ್ತು, ಅಂದರೆ ಒಂದು ಒಲೆಗೆ 32 ಬಾಕ್ಸಿನ ಅಚ್ಚು. ಎರಡು ಒಲೆ ಇದ್ದರೆ 64. ಹಬ್ಬಕ್ಕೆ ಮುಂಚಿನ ಹತ್ತು ದಿನ ಇದಕ್ಕೇ ಮೀಸಲಿಟ್ಟರೆ 640. ಹತ್ತರಲ್ಲಿ ಒಂದು ಪಾಲು ಗಿಳಿಯ ಕೊಕ್ಕು ಮುರಿದದ್ದು, ಆನೆಯ ಸೊಂಡಿಲು ಬಿಟ್ಟುಹೋದದ್ದು ಎಂದು ಕಳೆದರೆ 576. ದಾರಿಯಲ್ಲಿ ಒಡೆದುಹೋದ ಬಾಕ್ಸಿಗೆ ಬದಲು ಕೊಡಲು 26 ಕೈಯಲ್ಲಿರಲಿ. ಉಳಿಯುವುದು 550. ಜಾಹೀರಾತಿಗೆ ಹೋಗಬೇಕಾದ ಸಂಖ್ಯೆ ಇದು. ‘ಕೆಲವೇ ಬಾಕ್ಸ್’ ಎಂದು ಬರೆಯುವವನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಅಥವಾ ಗೊತ್ತಿದ್ದೂ ಹೇಳಲು ಮನಸ್ಸಿರುವುದಿಲ್ಲ.

ಇಲ್ಲಿ ಜಾಣ ಓದುಗರೊಬ್ಬರು ತಡೆದು ಕೇಳಬಹುದು: ಸಕ್ಕರೆ ಅಚ್ಚು ತೇವ ತಗಲದಂತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲವಲ್ಲ, ಡಿಸೆಂಬರ್ ಮೊದಲಲ್ಲೇ ಶುರುಮಾಡಿದರೆ ಸಾವಿರ ಬಾಕ್ಸ್ ಆಗುವುದಿಲ್ಲವೇ? ಆಗುತ್ತದೆ. ಆದರೆ ಅದೇ ಕೆಲಸದವರು ಡಿಸೆಂಬರ್ ಕೊನೆಯವರೆಗೂ ಬೇರೆ ಸಿಹಿಯಲ್ಲಿ ಮುಳುಗಿರುತ್ತಾರೆ. ಮಾಲೀಕರು ‘ಹತ್ತು ದಿನ ಸಾಕು’ ಎಂದು ತೀರ್ಮಾನಿಸಿದ್ದಾರೆ. ಅಂದರೆ ಈ ಮಿತಿಯಲ್ಲಿ ಅರ್ಧ ಕೈಕೆಲಸದ ಮಿತಿ, ಅರ್ಧ ಅಂಗಡಿಯ ಆಯ್ಕೆ. ಆಯ್ಕೆಯಾದರೂ ತಪ್ಪೇನಿಲ್ಲ, ‘ಈ ವರ್ಷ ಇಷ್ಟೇ ಮಾಡುವುದೆಂದು ನಿಶ್ಚಯಿಸಿದ್ದೇವೆ’ ಎಂದು ಬರೆಯಬಹುದು. ಆಯ್ಕೆಯನ್ನು ಅನಿವಾರ್ಯವೆಂದು ತೋರಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ. ‘ಅಪರೂಪದ ಎಳ್ಳು’, ‘ಸಿಗದ ಬೆಲ್ಲ’ ಎಂದೆಲ್ಲ ಕಥೆ ಕಟ್ಟುವ ಬದಲು ಎರಡು ಒಲೆ, ಹತ್ತು ದಿನ ಎಂದರೆ ಕೊಳ್ಳುವವರಿಗೆ ಥಟ್ಟನೆ ಅರ್ಥವಾಗುತ್ತದೆ. ಮನೆಯಲ್ಲಿ ಒಮ್ಮೆ ಅಚ್ಚು ಎರೆದು ಕೈ ಸುಟ್ಟುಕೊಂಡವರು ಪ್ರತಿ ಬೀದಿಯಲ್ಲೂ ಇದ್ದಾರೆ.

ಅವಸರದ ಮಾತಿಗೆ ಬರೋಣ. ಈ ಬಾಕ್ಸಿಗೆ ಅವಸರವೂ ನಿಜವೇ. ಎಳ್ಳು ಬೀರಲು ಬೇಕಾದದ್ದು ಹಬ್ಬದ ಸಂಜೆಗೆ ಕೈಯಲ್ಲಿರಬೇಕು. ಹೈದರಾಬಾದಿನಲ್ಲಿರುವ ಮಗಳಿಗೆ ಕಳಿಸುವ ತಾಯಿಗೆ ಕೊನೆಯ ದಿನ ಯಾವುದೆಂದು ಸ್ಪಷ್ಟವಾಗಿ ಹೇಳದಿದ್ದರೆ ಅದೂ ಒಂದು ಬಗೆಯ ವಂಚನೆ. ಆದರೆ ಹಲವು ಜಾಹೀರಾತುಗಳಲ್ಲಿ ಕೊನೆಯ ದಿನ ಹಬ್ಬಕ್ಕೆ ಸಂಬಂಧಪಟ್ಟಿರುವುದಿಲ್ಲ, ಗಡಿಯಾರಕ್ಕೆ ಸಂಬಂಧಪಟ್ಟಿರುತ್ತದೆ. ಫೋನಿನ ಪರದೆಯ ಮೇಲೆ ‘ಇನ್ನು 14 ನಿಮಿಷ’ ಎಂದು ಓಡುವ ಅಂಕಿ ಪುಟ ಮುಚ್ಚಿ ತೆರೆದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ‘ಈಗ 43 ಜನ ನೋಡುತ್ತಿದ್ದಾರೆ’ ಎನ್ನುವ ಸಾಲು ರಾತ್ರಿ ಎರಡು ಗಂಟೆಗೂ ಹಾಗೇ ಇರುತ್ತದೆ. ಇನ್ನು ‘ಗ್ರಾಹಕರ ಒತ್ತಾಯದ ಮೇರೆಗೆ ವಿಸ್ತರಿಸಲಾಗಿದೆ’ ಎಂಬ ನಮ್ಮ ಹಳೆಯ ಸಾಲು. ಒಂದು ಸಲ ಅದನ್ನು ಹಾಕಿದ ಅಂಗಡಿಯ ಮುಂದಿನ ವರ್ಷದ ‘ಕೊನೆಯ ದಿನ’ವನ್ನು ಯಾರೂ ನಂಬುವುದಿಲ್ಲ, ಅವತ್ತು ಅದು ನಿಜವಾಗಿದ್ದರೂ ಕೂಡ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದು ಬಹಳಷ್ಟು ಸಣ್ಣ ಅಂಗಡಿಯವರ ಕಿವಿಗೆ ಬಿದ್ದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಪಟ್ಟಿ ಮಾಡಿರುವ ಹದಿಮೂರು ಬಗೆಗಳಲ್ಲಿ ಮೊದಲನೆಯದೇ ಸುಳ್ಳು ಅವಸರ. ಇರುವುದಕ್ಕಿಂತ ಕಡಿಮೆ ಸರಕು ಉಳಿದಿದೆ ಎನ್ನುವುದು, ಇಲ್ಲದ ಜನಪ್ರಿಯತೆ ತೋರಿಸುವುದು ಎರಡನ್ನೂ ಅಲ್ಲಿ ಉದಾಹರಣೆಯಾಗಿ ಕೊಟ್ಟಿದೆ. ಆನ್‌ಲೈನ್ ವೇದಿಕೆಗಳ ಜೊತೆಗೆ ಮಾರುವವರಿಗೂ ಜಾಹೀರಾತುದಾರರಿಗೂ ಅದು ಅನ್ವಯಿಸುತ್ತದೆ. ಇದಕ್ಕೂ ಮೊದಲು, 2022ರಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತು ಕುರಿತ ಮಾರ್ಗಸೂಚಿಯ ಒಂದು ಅಂಶ ನನಗೆ ಹೆಚ್ಚು ಇಷ್ಟ: ಬೇಡಿಕೆ ಪೂರೈಕೆಯನ್ನು ಮೀರಬಹುದು ಎಂದಿದ್ದರೆ ಸರಕು ಸೀಮಿತ ಎಂಬುದನ್ನು ಜಾಹೀರಾತಿನಲ್ಲೇ ಸ್ಪಷ್ಟಪಡಿಸಬೇಕು. ಅಂದರೆ ಕೊರತೆ ಇಲ್ಲದಾಗ ಇದೆ ಎನ್ನಬಾರದು, ಇದ್ದಾಗ ಮುಚ್ಚಿಡಲೂಬಾರದು.

ಮೇಲಿನ ಲೆಕ್ಕದಿಂದ ಹುಟ್ಟುವ ಜಾಹೀರಾತು ಹೇಗಿರಬಹುದು? ಹಬ್ಬ ಜನವರಿ 15ಕ್ಕೆ ಬಂದ ವರ್ಷಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

“ಎಳ್ಳು ಬೀರುವ ಬಾಕ್ಸ್. ಈ ವರ್ಷ 550. ಮರದ ಅಚ್ಚಿನಲ್ಲಿ ಕೈಯಿಂದ ಎರೆಯುವುದರಿಂದ ನಮ್ಮ ಎರಡು ಒಲೆಗಳಲ್ಲಿ ದಿನಕ್ಕೆ ಅರವತ್ತರ ಆಸುಪಾಸು ಮಾತ್ರ ಆಗುತ್ತದೆ. ಇವುಗಳಲ್ಲಿ 150 ಕಂಪನಿಗಳ ಆರ್ಡರಿಗೆ ಈಗಾಗಲೇ ಹೋಗಿವೆ, ನಿಮಗಾಗಿ 400 ಇವೆ. ಹೊರ ಊರಿಗೆ ಕಳಿಸುವವರು 9ರ ಸಂಜೆ 6ರೊಳಗೆ ಹೇಳಿ. ಅದರ ನಂತರ ಕೊಟ್ಟರೆ ಹಬ್ಬಕ್ಕೆ ಮೊದಲು ತಲುಪುತ್ತದೆಂದು ಮಾತು ಕೊಡಲಾರೆವು. ಅಂಗಡಿಗೇ ಬರುವವರು 14ರ ರಾತ್ರಿಯವರೆಗೆ ಬನ್ನಿ, ಉಳಿದಿದ್ದರೆ ಸಿಗುತ್ತದೆ. ಮುಗಿದ ಮೇಲೆ ಮತ್ತೆ ಮಾಡುವುದಿಲ್ಲ.”

ಇದರಲ್ಲಿ ಕಂಪನಿಗಳ ಆರ್ಡರಿನ ಸಾಲು ಬಹಳ ಮಂದಿಗೆ ಅನವಶ್ಯಕ ಎನಿಸಬಹುದು. ಆದರೆ ಎಡವುವುದು ಅಲ್ಲೇ. ಒಂದೇ ದಾಸ್ತಾನನ್ನು ಕೌಂಟರ್, ವಾಟ್ಸಾಪ್, ವೆಬ್‌ಸೈಟ್, ಕಂಪನಿಗಳ ದೊಡ್ಡ ಆರ್ಡರ್ ಎಂದು ನಾಲ್ಕು ಕಡೆ ಮಾರುವಾಗ ‘ಇನ್ನು 80 ಉಳಿದಿವೆ’ ಎಂಬ ಮಾತು ಯಾರೂ ಸುಳ್ಳು ಹೇಳದೆಯೇ ಸುಳ್ಳಾಗುತ್ತದೆ. ವೆಬ್‌ಸೈಟ್ 80 ತೋರಿಸುತ್ತಿರುವಾಗ ಕೌಂಟರಿನ ಹುಡುಗ ಮೂವತ್ತು ಕೊಟ್ಟುಬಿಟ್ಟಿರುತ್ತಾನೆ. ಅಥವಾ ತಿರುವುಮುರುವು: ರದ್ದಾದ ಐವತ್ತು ಮೂಲೆಯಲ್ಲಿ ಕೂತಿದ್ದರೂ ‘ಕೊನೆಯ ಹತ್ತು’ ಎಂದು ಸ್ಟೇಟಸ್ ಹೋಗುತ್ತದೆ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದೊಂದು ದಾರಿಗೆ ಇಷ್ಟಿಷ್ಟು ಎಂದು ಮೊದಲೇ ಹಂಚಿಡಿ. ಬಾಕ್ಸಿನ ಮೇಲೆ 1ರಿಂದ 550ರವರೆಗೆ ಕೈಯಿಂದ ಸಂಖ್ಯೆ ಬರೆಯಿರಿ. ದಿನಕ್ಕೆರಡು ಸಲ ಎಣಿಸಿ, ಎಣಿಸಿದ ಹೊತ್ತನ್ನೂ ಹಾಕಿ: ‘11ರ ಬೆಳಿಗ್ಗೆ 10ಕ್ಕೆ ಎಣಿಸಿದಾಗ ಅಂಗಡಿಯಲ್ಲಿ 92’. ಹೊತ್ತು ಹಾಕಿದ ಸಂಖ್ಯೆ ಮಧ್ಯಾಹ್ನ ಹಳೆಯದಾಗಬಹುದು, ಸುಳ್ಳಾಗುವುದಿಲ್ಲ.

ಮುಗಿದ ಕ್ಷಣಕ್ಕೆ ಏನು ಬರೆಯಬೇಕೆಂಬುದನ್ನು ಮೊದಲೇ ಸಿದ್ಧವಿಡಿ ಎಂದೂ ಬೇಡುತ್ತೇನೆ. 12ನೇ ತಾರೀಖು ಎಲ್ಲ ಖಾಲಿಯಾಗಿ, ಫೋನು ಬಿಡದೆ ಹೊಡೆದುಕೊಳ್ಳುತ್ತಿದ್ದರೆ ಇನ್ನೂರು ಬಾಕ್ಸ್ ಹೆಚ್ಚಿಗೆ ಮಾಡುವ ಆಸೆ ಯಾರಿಗೂ ಬರುತ್ತದೆ. ‘ಮತ್ತೆ ಮಾಡುವುದಿಲ್ಲ’ ಎಂದ ಮೇಲೆ ಮಾಡಿದರೆ, ಆ ಮಾತು ನಂಬಿ ಬೇಗ ಬಂದು ಸರದಿಯಲ್ಲಿ ನಿಂತವರಿಗೆ ಏನು ಹೇಳುತ್ತೀರಿ? ಮಾಡುವ ಸಾಧ್ಯತೆ ಇದ್ದರೆ ಮೊದಲ ಜಾಹೀರಾತಿನಲ್ಲೇ ಹೇಳಿಬಿಡಿ. ಕೆಲವು ಮನೆಗಳಲ್ಲಿ ರಥಸಪ್ತಮಿಯವರೆಗೂ ಎಳ್ಳು ಬೀರುವುದುಂಟು. ‘ಬೇಡಿಕೆ ಇದ್ದರೆ ರಥಸಪ್ತಮಿಗೆ ಇನ್ನೊಂದು ಸುತ್ತು ಮಾಡುತ್ತೇವೆ, ಬಾಕ್ಸಿನ ಬಣ್ಣ ಬೇರೆ ಇರುತ್ತದೆ’ ಎಂದರೆ ಅವಸರವಿಲ್ಲದವರು ಕಾಯುತ್ತಾರೆ, ಹಬ್ಬದ ದಿನವೇ ಬೇಕಾದವರಿಗೆ ಅಷ್ಟು ಹೆಚ್ಚು ಸಿಗುತ್ತದೆ. ಹೌದು, ಇದರಿಂದ ಮೊದಲ ಎರಡು ದಿನದ ನೂಕುನುಗ್ಗಲು ಕಡಿಮೆಯಾಗಬಹುದು. ಆ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ.

ಉಳಿದುಹೋದರೆ? ಅದೂ ಆಗುತ್ತದೆ. 16ನೇ ತಾರೀಖು ನಲವತ್ತು ಬಾಕ್ಸ್ ಕೂತಿದ್ದರೆ ಅರ್ಧ ಬೆಲೆಗೆ ಬಿಡಿ, ಆದರೆ ಕಾರಣ ಬರೆದು ಬಿಡಿ: ‘ಹಬ್ಬಕ್ಕೆ ಮಾಡಿದ್ದರಲ್ಲಿ ಉಳಿದದ್ದು’. ಅವನ್ನೇ ಹೊಸ ಹೊದಿಕೆಯಲ್ಲಿ ಸುತ್ತಿ ‘ವಿಶೇಷ ಆವೃತ್ತಿ’ ಎಂದು ಫೆಬ್ರವರಿಯಲ್ಲಿ ಮಾರಬೇಡಿ. ಅಚ್ಚು ಚೆನ್ನಾಗಿಯೇ ಇರಬಹುದು, ಹೆಚ್ಚಿದ ಕೊಬ್ಬರಿಗೆ ಅಷ್ಟರಲ್ಲಿ ಕಮಟು ವಾಸನೆ ಬಂದಿರುತ್ತದೆ. ಇಲ್ಲಿ ಇನ್ನೊಂದು ಮಾತು. ‘ತಾಜಾ, ಬೇಗ ಮುಗಿಯುತ್ತದೆ’ ಎನ್ನುವ ಅವಸರವನ್ನು ಎಲ್ಲ ಸಿಹಿಗೂ ಹಚ್ಚುವವರಿದ್ದಾರೆ. ಕಲಾಕಂದಕ್ಕೆ ಅದು ಒಪ್ಪುತ್ತದೆ, ಅದನ್ನು ಮಾಡಿದ ದಿನವೇ ತಿನ್ನಬೇಕು. ಒಣ ಎಳ್ಳು-ಬೆಲ್ಲಕ್ಕೆ ಒಪ್ಪುವುದಿಲ್ಲ. ಬಿಡಿಯಾಗಿ ಮಾರುವ ಸಿಹಿಗೂ ‘ಇಂತಿಷ್ಟು ದಿನದೊಳಗೆ ತಿನ್ನಿ’ ಎಂಬ ದಿನಾಂಕ ಪ್ರದರ್ಶಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಬಾಕ್ಸಿನ ಮೇಲೆ ಆ ದಿನಾಂಕ ಇದ್ದರೆ ತಿನ್ನುವ ಅವಸರ ಎಷ್ಟೆಂಬುದನ್ನು ಬೇರೆ ಸಾಲಿನಲ್ಲಿ ಉಬ್ಬಿಸಬೇಕಾಗಿಲ್ಲ.

ಕೊಳ್ಳುವವರಲ್ಲೂ ಒಂದು ವಿನಂತಿ. ‘ಕೆಲವೇ ಉಳಿದಿವೆ’ ಎಂದವರಿಗೆ ಎರಡು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಮಾಡಿದ್ದೀರಿ, ಹೊರ ಊರಿಗೆ ಯಾವತ್ತಿನೊಳಗೆ ಕೊಟ್ಟರೆ ಹಬ್ಬಕ್ಕೆ ತಲುಪುತ್ತದೆ? ನಿಜವಾಗಿ ಎಣಿಸಿದವರು ಫೋನಿನಲ್ಲೇ ಉತ್ತರಿಸುತ್ತಾರೆ, ಎರಡನೆಯ ಪ್ರಶ್ನೆಗೆ ಊರಿನ ಹೆಸರು ಕೇಳಿ ಉತ್ತರಿಸುತ್ತಾರೆ. ‘ಬೇಗ ಬುಕ್ ಮಾಡಿ ಸರ್’ ಎಂಬುದಷ್ಟೇ ಉತ್ತರವಾದರೆ ಒಂದು ದಿನ ಕಾದು ಅದೇ ಪುಟವನ್ನು ಮತ್ತೆ ನೋಡಿ. ನಿನ್ನೆಯ ‘ಕೊನೆಯ 7’ ಇವತ್ತೂ 7 ಆಗಿದ್ದರೆ ಎರಡೂ ದಿನದ ಚಿತ್ರ ತೆಗೆದಿಟ್ಟುಕೊಂಡು ಮೊದಲು ಅಂಗಡಿಯವರಿಗೇ ಕಳಿಸಿ. ಎಷ್ಟೋ ಸಲ ಸಂಖ್ಯೆ ಬದಲಿಸಲು ಮರೆತಿರುತ್ತಾರೆ, ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.